ಬಾ, ಬನ್ನಿ, ಬರಬೇಕು: ಮೆಸೇಜಿನಲ್ಲಿ ಯಾರಿಗೆ ಯಾವುದು?

ನಮ್ಮ ಹೊಸ ಮನೆಯ ಒಕ್ಕಲಿಗೆ ದಿನ ನಿಶ್ಚಯವಾದ ರಾತ್ರಿ, ಊಟ ಮುಗಿಸಿ ಫೋನ್ ಹಿಡಿದು ಕೂತೆ. ನಮ್ಮದು ಕಾಸರಗೋಡಿನಲ್ಲಿ, ನೀರ್ಚಾಲಿನ ಹತ್ತಿರ. ಮೂರು ಜನರಿಗೆ ಅವತ್ತೇ ಬರೆಯಬೇಕಿತ್ತು. ಒಬ್ಬರು ಅಡೂರಿನ ದೊಡ್ಡಪ್ಪ. ಅವರಿಗೆ ಕಿವಿ ಮಂದ, ಫೋನ್ ಮಾಡಿದರೆ ಕೇಳುವುದಿಲ್ಲ, ಆದರೆ ಅಕ್ಷರ ದೊಡ್ಡದು ಮಾಡಿಕೊಂಡು ಮೆಸೇಜು ಓದುತ್ತಾರೆ. ಇನ್ನೊಬ್ಬರು ಕುಂಬಳೆಯ ಶಾಮಿಯಾನದವರು. ಮುಖ ನೋಡಿದವಳಲ್ಲ, ನೆರೆಮನೆಯವರು ನಂಬರ್ ಕೊಟ್ಟಿದ್ದರು, ಅಷ್ಟೇ. ಮೂರನೆಯವನು ಚಿಕ್ಕಪ್ಪನ ಮಗ, ಪ್ಲಸ್ ಟು ಓದುವ ಹುಡುಗ.

ಒಂದೇ ಸುದ್ದಿ, ಒಂದೇ ದಿನ. ಒಮ್ಮೆ ಬರೆದು ಮೂವರಿಗೂ ಕಳಿಸೋಣ ಅಂದುಕೊಂಡೆ. ಮೊದಲ ವಾಕ್ಯದ ಕೊನೆಗೆ ಬಂದಾಗ ಬೆರಳು ನಿಂತಿತು. ‘ಹಿಂದಿನ ದಿನವೇ’ ತನಕ ಮೂವರಿಗೂ ಸರಿ. ಆಮೇಲೆ ಬಾ ಎನ್ನುವುದಾ, ಬನ್ನಿ ಎನ್ನುವುದಾ, ಬರಬೇಕು ಎನ್ನುವುದಾ?

ಕನ್ನಡದಲ್ಲಿ ಈ ಆಯ್ಕೆಯಿಂದ ಸುಲಭವಾಗಿ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ನೀನು, ನೀವು ಎನ್ನುವ ಮಾತನ್ನೇ ಬಿಟ್ಟು ಬರೆದರೂ ಕ್ರಿಯಾಪದದ ಬಾಲ ಎಲ್ಲವನ್ನೂ ಹೇಳಿಬಿಡುತ್ತದೆ. ಬರ್ತೀಯಾ ಅಂದರೆ ನೀನು, ಬರ್ತೀರಾ ಅಂದರೆ ನೀವು. ಮಲಯಾಳದಲ್ಲಿ ಹಾಗಲ್ಲ. ಅಲ್ಲಿ ‘ಞಾನ್ ವನ್ನು, ನೀ ವನ್ನು, ಅವರ್ ವನ್ನು’, ಯಾರು ಬಂದರೂ ‘ವನ್ನು’ ಒಂದೇ. ಗೌರವವೆಲ್ಲ ಕರೆಯುವ ಹೆಸರಿನಲ್ಲಿ ಇರುತ್ತದೆ, ಕ್ರಿಯಾಪದದಲ್ಲಿ ಅಲ್ಲ. ಮಲಯಾಳದಲ್ಲಿ ಕಲಿತ ನಮ್ಮ ಮಕ್ಕಳು ಕನ್ನಡ ಬರೆಯುವಾಗ ಎಡವುವುದು ಸರಿಯಾಗಿ ಇಲ್ಲಿಯೇ. ನನ್ನ ತಮ್ಮ, ಮೇಲೆ ಹೇಳಿದ ಹುಡುಗ, ದೊಡ್ಡಪ್ಪನಿಗೆ ಒಮ್ಮೆ ‘ದೊಡ್ಡಪ್ಪಾ, ನಾಳೆ ಬರ್ತೀಯಾ?’ ಅಂತ ಕಳಿಸಿದ್ದ. ‘ದೊಡ್ಡಪ್ಪಾ’ ಅಂದದ್ದೇ ಸಾಕಷ್ಟು ಮರ್ಯಾದೆ ಆಯಿತು ಎಂದು ಅವನ ಲೆಕ್ಕ. ಓದಿದವರಿಗೆ ಕಂಡದ್ದು ಕೊನೆಯ ‘ಯಾ’ ಮಾತ್ರ. ಹುಡುಗನ ಮನಸ್ಸಿನಲ್ಲಿ ಅಗೌರವ ಸ್ವಲ್ಪವೂ ಇರಲಿಲ್ಲ. ಅವನಿಗೆ ಯಾರೂ ಬಾಲ ನೋಡಲು ಹೇಳಿಕೊಟ್ಟಿರಲಿಲ್ಲ.

ಇರುವ ನಾಲ್ಕು ದಾರಿ

ನೀನು, ನೀವು, ತಾವು, ಈ ಮೂರನ್ನು ಎಲ್ಲರೂ ಬಲ್ಲರು. ನಾಲ್ಕನೆಯದು ಒಂದು ಉಂಟು. ಯಾರನ್ನೂ ತೋರಿಸದೆ ಬರೆಯುವ ದಾರಿ. ಅದನ್ನು ನಾವು ದಿನಾ ಬಳಸುತ್ತೇವೆ, ಆದರೆ ಅದು ಒಂದು ದಾರಿ ಅಂತ ಗಮನಿಸುವುದಿಲ್ಲ.

ತಾವು ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಮಠದ ಸ್ವಾಮಿಗಳಿಗೆ, ಆಮಂತ್ರಣ ಪತ್ರಕ್ಕೆ, ಸಭೆಯ ಮುಖ್ಯ ಅತಿಥಿಗೆ ಅದು ಸರಿ. ಕ್ರಿಯಾಪದ ಅದಕ್ಕೂ ನೀವುವಿನದ್ದೇ: ತಾವು ಬರ್ತೀರಾ, ನೀವು ಬರ್ತೀರಾ. ಹಾಗಾಗಿ ತಾವು ಹಾಕಿದ್ದರಿಂದ ವಾಕ್ಯಕ್ಕೆ ಹೊಸದಾಗಿ ಸಿಗುವುದು ಗೌರವಕ್ಕಿಂತ ಜಾಸ್ತಿ ದೂರ. ಸ್ವಂತ ದೊಡ್ಡಪ್ಪನಿಗೆ ‘ತಾವು ಆಗಮಿಸಬೇಕು’ ಅಂತ ಬರೆದರೆ, ಎಂತ ಇವಳು ನನ್ನನ್ನು ಹೊರಗಿನವನ ಹಾಗೆ ಕರೆದಳು ಎಂದು ಅವರಿಗೆ ಅನಿಸಬಹುದು. ಮನೆಯವರಿಗೆ ತಾವು ಬೇಡ.

ನಾಲ್ಕನೆಯ ದಾರಿ ಹೀಗೆ. ‘ಊಟ ಆಯ್ತಾ?’ ‘ಹೊರಟಾಯ್ತಾ?’ ‘ಯಾವಾಗ ಬರುವುದು?’ ‘ಬರಲಿಕ್ಕೆ ಆಗ್ತದಾ?’ ಈ ನಾಲ್ಕು ಪ್ರಶ್ನೆಗಳನ್ನು ಅಜ್ಜನಿಗೂ ಕೇಳಬಹುದು, ಅಂಗಡಿಯವರಿಗೂ, ತಮ್ಮನಿಗೂ. ನೀನೂ ಇಲ್ಲ, ನೀವೂ ಇಲ್ಲ. ‘ಯಾವಾಗ ಬರುವುದು’, ‘ಬರಲಿಕ್ಕುಂಟಾ’ ಎನ್ನುವುದು ನಮ್ಮ ಕರಾವಳಿಯ ಮಾತಿನಲ್ಲಿ ತುಂಬಾ ಸಹಜ, ಯಾರಿಗೂ ಕೃತಕ ಅನಿಸುವುದಿಲ್ಲ. ಇಲ್ಲ ಎನ್ನುವ ವಾಕ್ಯಗಳೂ ಹಾಗೆಯೇ: ನಾನು ಬರಲಿಲ್ಲ, ನೀನು ಬರಲಿಲ್ಲ, ಅವರು ಬರಲಿಲ್ಲ. ಅಲ್ಲಿ ಬಾಲವೇ ಇಲ್ಲ. ಆದ್ದರಿಂದ ‘ನಿನ್ನೆ ಬರ್ಲಿಲ್ವಾ?’ ಅಂತ ಯಾರಿಗೂ ಧೈರ್ಯವಾಗಿ ಕೇಳಬಹುದು. ಆದರೆ ಬೇಡ ಅನ್ನುವಲ್ಲಿ ಬಾಲ ಮತ್ತೆ ಬಂತು: ಬರಬೇಡ, ಬರಬೇಡಿ. ಅಲ್ಲಿ ಜಾಗ್ರತೆ.

ಈ ದಾರಿಗೆ ಮಿತಿಯೂ ಉಂಟು. ಒಂದೆರಡು ಮೆಸೇಜು ಸಾಗುತ್ತದೆ. ಐದಾರು ಮೆಸೇಜು ಆದ ಮೇಲೆ, ಇವಳು ನನ್ನನ್ನು ಎಂತದೂ ಕರೆಯದೆ ಮಾತಾಡ್ತಾ ಇದ್ದಾಳಲ್ಲ ಎಂದು ಎದುರಿನವರಿಗೆ ಹೊಳೆಯುತ್ತದೆ. ಮತ್ತೆ, ‘ನಿಮಗೆ’, ‘ನಿನಗೆ’, ‘ನಿಮ್ಮ’, ‘ನಿನ್ನ’ ಇವು ಗೊತ್ತಿಲ್ಲದೆ ನುಸುಳುತ್ತವೆ. ‘ಬರಲಿಕ್ಕೆ ಆಗ್ತದಾ’ ಅಂತ ಶುರು ಮಾಡಿ ‘ನಿನ್ನ ಗಾಡಿಯಲ್ಲೇ’ ಅಂತ ಮುಗಿಸಿದರೆ ಅಷ್ಟು ಜಾಗ್ರತೆ ಮಾಡಿದ್ದು ಸುಮ್ನೆ ಹೋಯಿತು.

ದೊಡ್ಡಪ್ಪನಿಗೆ

ಹಿರಿಯರ ವಿಷಯದಲ್ಲಿ ನಾನು ಪಾಲಿಸುವ ಕ್ರಮ ಇದು: ಎದುರಿಗೆ ಬಾಯಲ್ಲಿ ಹೇಗೆ ಮಾತಾಡುತ್ತೇನೋ ಹಾಗೆಯೇ ಬರೆಯುವುದು. ಎಷ್ಟೋ ಮನೆಗಳಲ್ಲಿ ಅಮ್ಮನಿಗೆ, ಅಜ್ಜಿಗೆ ನೀನು ಅಂತಲೇ ಹೇಳುತ್ತಾರೆ. ಅದು ಪ್ರೀತಿಯ ನೀನು. ದೇವರಿಗೂ ‘ನೀನೇ ಕಾಪಾಡು’ ಅಂತಲೇ ಬೇಡುವುದು, ಅಲ್ವಾ? ನಿನ್ನೆ ತನಕ ನೀನು ಅಂದ ಅಜ್ಜಿಗೆ ಇವತ್ತು ಮೆಸೇಜಿನಲ್ಲಿ ‘ನೀವು ಹೇಗಿದ್ದೀರಿ’ ಅಂದರೆ ಅವರಿಗೆ ಚುಚ್ಚುತ್ತದೆ. ಹತ್ತಾರು ನೆಂಟರು ಇರುವ ಗ್ರೂಪಿನಲ್ಲಿ ಅಜ್ಜಿಗೆ ನೀನು ಅಂತ ಬರೆಯಲು ಸಂಕೋಚವಾದರೆ, ಅಲ್ಲಿ ನಾಲ್ಕನೆಯ ದಾರಿ ಒಳ್ಳೆಯದು: ‘ಅಜ್ಜೀ, ಮದ್ದು ಕುಡಿದಾಯ್ತಾ?’

ದೊಡ್ಡಪ್ಪನಿಗೆ ನಾವು ಮೊದಲಿಂದಲೂ ನೀವು. ನಾನು ಮೊದಲು ಬರೆದದ್ದು ಹೀಗೆ:

‘ದೊಡ್ಡಪ್ಪಾ, ಮುಂದಿನ ತಿಂಗಳು ಮನೆ ಒಕ್ಕಲು. ನೀವು ಹಿಂದಿನ ದಿನವೇ ಬನ್ನಿ.’

ಗೌರವದಲ್ಲಿ ತಪ್ಪಿಲ್ಲ. ಆದರೂ ಒಂದು ತೊಡಕು ಉಂಟು. ಕನ್ನಡದ ನೀವು ಎರಡು ಕೆಲಸ ಮಾಡುತ್ತದೆ. ಒಬ್ಬರಿಗೇ ಮರ್ಯಾದೆ ಕೊಡುವುದೂ ಅದೇ, ತುಂಬಾ ಜನರನ್ನು ಕರೆಯುವುದೂ ಅದೇ. ‘ನೀವು ಬನ್ನಿ’ ಅಂದರೆ ದೊಡ್ಡಪ್ಪ ಒಬ್ಬರೇ ಬರಬೇಕಾ, ದೊಡ್ಡಮ್ಮ, ಮಕ್ಕಳು, ಮೊಮ್ಮಕ್ಕಳೆಲ್ಲ ಸೇರಿ ಬರಬೇಕಾ? ತುಳುವಿನಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಸಣ್ಣವರಿಗೆ ‘ಈ’, ಗೌರವದ ಒಬ್ಬರಿಗೆ ‘ಈರ್’, ಹಲವರಿಗೆ ‘ನಿಕುಲು’, ಹೀಗೆ ಮೂರು ಬೇರೆ ಬೇರೆ ಮಾತು. ಮನೆಯಲ್ಲಿ ತುಳು ಮಾತಾಡಿ ಅಭ್ಯಾಸ ಇರುವವರು ಕನ್ನಡದ ನೀವು ಓದುವಾಗ, ಇದು ಈರ್ ಇರಬಹುದಾ ನಿಕುಲು ಇರಬಹುದಾ ಎಂದು ಒಂದು ಕ್ಷಣ ಯೋಚಿಸುತ್ತಾರೆ. ಒಮ್ಮೆ ನಮ್ಮ ಮನೆಯ ಪೂಜೆಗೆ ಹೀಗೆಯೇ ‘ನೀವು ಬನ್ನಿ’ ಎಂದು ಕಳಿಸಿದ್ದಕ್ಕೆ ಒಬ್ಬರು ಒಬ್ಬರೇ ಬಂದರು. ಅವರ ಮನೆಯವರು, ನಮ್ಮನ್ನು ಕರೆಯಲಿಲ್ಲ ಎಂದು ತುಂಬಾ ದಿನ ಬೇಸರ ಇಟ್ಟುಕೊಂಡಿದ್ದರು. ತಪ್ಪು ನನ್ನದೇ. ಹಾಗಾಗಿ ಕರೆಯುವ ಮೆಸೇಜಿನಲ್ಲಿ ಬರೀ ನೀವು ಸಾಲದು, ಯಾರು ಯಾರು ಎಂದು ಬಿಡಿಸಿ ಹೇಳಬೇಕು.

ಇನ್ನು ಬನ್ನಿ, ಬರಬೇಕು ಇವುಗಳಲ್ಲಿ ಯಾವುದು? ಬನ್ನಿ ಗೌರವದ ರೂಪವೇ, ಆದರೂ ಅದು ‘ಹೀಗೆ ಮಾಡಿ’ ಎನ್ನುವ ಜಾತಿಯ ಮಾತು. ಬರಬೇಕು ಎಂಬುದಕ್ಕೆ ನೀನು, ನೀವು ಯಾವುದೂ ಅಂಟಿಲ್ಲ. ಅದು ಕೇಳಿಕೊಳ್ಳುವ ಮಾತಾಗುತ್ತದೆ. ಹಿರಿಯರನ್ನು ಶುಭಕಾರ್ಯಕ್ಕೆ ಕರೆಯುವಾಗ ಅದೇ ಚಂದ. ಮಗಳಂತಿರುವವಳು ‘ಬರಲೇಬೇಕು’ ಅಂದರೆ ಅದರಲ್ಲಿ ಒತ್ತಾಯವೂ ಪ್ರೀತಿಯೂ ಎರಡೂ ಕೇಳುತ್ತದೆ. ಕೊನೆಗೆ ಹೋದ ಮೆಸೇಜು ಇದು:

‘ದೊಡ್ಡಪ್ಪಾ, ಮುಂದಿನ ತಿಂಗಳು ನಮ್ಮ ಮನೆ ಒಕ್ಕಲು ಇಟ್ಟುಕೊಂಡಿದ್ದೇವೆ. ನೀವು, ದೊಡ್ಡಮ್ಮ, ಅಣ್ಣ ಅತ್ತಿಗೆ, ಮಕ್ಕಳು ಎಲ್ಲರೂ ಹಿಂದಿನ ದಿನವೇ ಬರಬೇಕು. ಹಾಲು ಉಕ್ಕಿಸುವಾಗ ನೀವು ಹತ್ತಿರ ಇರಬೇಕು.’

ಹಳೆಯ ಕಾಗದಗಳಲ್ಲಿ ಇಷ್ಟು ಯೋಚನೆ ಬೇಕಿರಲಿಲ್ಲ ಅನಿಸುತ್ತದೆ. ತಂದೆಗೆ ‘ತೀರ್ಥರೂಪ’, ತಾಯಿಗೆ ‘ಮಾತೃಶ್ರೀ’, ಚಿಕ್ಕವರಿಗೆ ‘ಚಿರಂಜೀವಿ’, ಹೀಗೆ ಮೊದಲ ಗೆರೆಯಲ್ಲೇ ಯಾರು ಯಾರಿಗೆ ಬರೆಯುತ್ತಿದ್ದಾರೆ ಎಂದು ತೀರ್ಮಾನ ಆಗುತ್ತಿತ್ತು. ಮೆಸೇಜಿಗೆ ಆ ಗೆರೆ ಇಲ್ಲ. ಅದಕ್ಕೇ ನಾನು ಹಿರಿಯರಿಗೆ ಕಳಿಸುವ ಮೊದಲ ಮೆಸೇಜಿನಲ್ಲಿ ಸಂಬಂಧದ ಹೆಸರನ್ನು ತಪ್ಪದೆ ಹಾಕುತ್ತೇನೆ. ‘ದೊಡ್ಡಪ್ಪಾ’ ಎಂದು ಬರೆದ ಮೇಲೆ ಬಾಲ ತಪ್ಪುವುದೂ ಕಡಿಮೆ.

ಅವರಿಗೆ ಬರೆಯುವಾಗ ಇನ್ನೊಬ್ಬರ ಸುದ್ದಿ

ಇದನ್ನು ಬಿಡಿಸಿ ಹೇಳಲೇಬೇಕು. ಏಕೆಂದರೆ ನನ್ನಿಂದ ಆದ ದೊಡ್ಡ ತಪ್ಪು ಇಲ್ಲಿಯದೇ. ನಮ್ಮ ಮನೆಮಾತು ಹವ್ಯಕ. ನಮ್ಮ ಮಾತಿನಲ್ಲಿ ಹೆಂಗಸರ ಬಗ್ಗೆ ‘ಅದು’ ಎಂದೇ ಹೇಳುವುದು. ಅಕ್ಕ ಬಂತು, ಅತ್ತಿಗೆ ಹೋತು. ಅದರಲ್ಲಿ ಅಗೌರವ ಎಂಬುದೇ ಇಲ್ಲ, ಹೆತ್ತ ಅಬ್ಬೆಯ ಬಗ್ಗೆಯೂ ಹಾಗೆಯೇ ಹೇಳುತ್ತೇವೆ. ಅಣ್ಣನ ಮದುವೆಯಾದ ಹೊಸತರಲ್ಲಿ ಅತ್ತಿಗೆ ಒಬ್ಬರೇ ತವರಿಗೆ ಹೊರಟರು. ಅವರ ತವರು ಮೈಸೂರು. ಅವರ ಅಮ್ಮನಿಗೆ ನಾನು ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದುಕೊಂಡೇ ಹೀಗೆ ಕಳಿಸಿದೆ: ‘ಅತ್ತಿಗೆ ಈಗಷ್ಟೇ ಹೊರಟಿತು. ರಾತ್ರಿ ತಲುಪಬಹುದು.’

ಅವರಿಂದ ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಅತ್ತಿಗೆಯೇ ಫೋನ್ ಮಾಡಿ ನಗುತ್ತಾ ವಿಷಯ ಹೇಳಿದರು. ನನ್ನ ಮಗಳನ್ನು ಬಸ್ಸಿನ ಹಾಗೆ ‘ಹೊರಟಿತು’ ಅಂದಳಲ್ಲ ಎಂದು ಅವರ ಅಮ್ಮನಿಗೆ ತುಂಬಾ ನೋವಾಗಿತ್ತು. ನನ್ನ ಮಾತಿನ ಪದ್ಧತಿ ಅವರಿಗೆ ಗೊತ್ತಿಲ್ಲ. ಅವರಿಗೆ ಹೊರಟಿತು ಅಂದರೆ ವಸ್ತು ಅಥವಾ ಪ್ರಾಣಿ. ಹೊರಟರು ಅಂತ ಬರೆದಿದ್ದರೆ ಮುಗಿದಿತ್ತು.

ಅಂದಿನಿಂದ ಮನೆಮಾತು ಗೊತ್ತಿಲ್ಲದವರಿಗೆ ಬರೆಯುವಾಗ, ನಮಗಿಂತ ದೊಡ್ಡವರು ಯಾರೇ ಆಗಲಿ, ಗಂಡಸಾಗಲಿ ಹೆಂಗಸಾಗಲಿ, ಬಂದರು, ಹೋದರು, ಹೇಳಿದರು ಎಂದೇ ಬರೆಯುತ್ತೇನೆ. ಕೆಲಸಕ್ಕೆ ಬಂದವರ ಬಗ್ಗೆಯೂ ಅಷ್ಟೇ. ‘ಕರೆಂಟಿನವನು ಬಂದ’ ಅಂತ ಬಾಯಲ್ಲಿ ಬಂದುಬಿಡುತ್ತದೆ. ಬರೆದದ್ದು ಉಳಿಯುತ್ತದೆ, ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ, ಕೊನೆಗೆ ಅವರ ಕಣ್ಣಿಗೂ ಬೀಳಬಹುದು. ‘ಕರೆಂಟಿನವರು ಬಂದರು’ ಅಂದರೆ ನಮಗೆ ನಷ್ಟ ಎಂತ?

ಗುರುತಿಲ್ಲದವರಿಗೆ

ಇಲ್ಲಿ ಆಯ್ಕೆಯೇ ಇಲ್ಲ, ನೀವು. ಫೋಟೋದಲ್ಲಿ ಹುಡುಗನ ಹಾಗೆ ಕಂಡರೂ ನೀವು. ಆ ಫೋಟೋ ಅವರ ಮಗನದ್ದೂ ಇರಬಹುದು. ಕಷ್ಟ ಇರುವುದು ಏನೆಂದು ಕರೆಯುವುದು ಎಂಬಲ್ಲಿ. ನಮ್ಮ ಊರಿನಲ್ಲಿ ಶೆಟ್ರೇ, ಭಟ್ರೇ, ರೈಗಳೇ ಅಂತ ಕರೆಯುವುದರಲ್ಲಿ ಒಂದು ಆತ್ಮೀಯತೆ ಉಂಟು. ಮಂಜೇಶ್ವರದ ಕವಿಯನ್ನು ಇವತ್ತಿಗೂ ನಾವು ಗೋವಿಂದ ಪೈಗಳು ಎಂದೇ ಹೇಳುವುದು. ಆದರೆ ಗುರುತಿಲ್ಲದವರನ್ನು ಹಾಗೆ ಊಹೆಯಿಂದ ಕರೆಯಬಾರದು. ಊಹೆ ತಪ್ಪಿದರೆ ಅವರ ಜಾತಿಯನ್ನೇ ನಾವು ಬದಲಿಸಿದ ಹಾಗೆ ಆಗುತ್ತದೆ. ಅವರೇ ‘ನಾನು ಇಂಥ ರೈ’ ಎಂದು ಹೇಳಿದ ಮೇಲೆ ಸರಿ. ಅಣ್ಣಾ, ಅಕ್ಕಾ ಎನ್ನುವುದು ಎದುರಿಗೆ ಸಿಕ್ಕಾಗ ಚಂದ. ಮೊದಲ ಮೆಸೇಜಿಗೆ ನನ್ನ ಪ್ರಕಾರ ಒಂದು ‘ನಮಸ್ಕಾರ’ ಸಾಕು.

ಗುರುತಿಲ್ಲದವರಿಗೆ ಬರೆಯುವಾಗ ನೀವು ಹಾಕಿದರೂ ಒರಟಾಗುವುದುಂಟು. ‘ರೇಟು ಹೇಳಿ. ಫೋಟೋ ಕಳಿಸಿ. ನಾಳೆ ಫೋನ್ ಮಾಡಿ.’ ಬಾಲಗಳೆಲ್ಲ ಗೌರವದವೇ, ಆದರೂ ಓದಿದರೆ ಅಪ್ಪಣೆ ಕೊಟ್ಟ ಹಾಗೆ ಇದೆ. ದಯವಿಟ್ಟು ಸೇರಿಸಿದರೆ ಕಚೇರಿಯ ನೋಟೀಸಿನ ಹಾಗೆ ಆಗುತ್ತದೆ. ಕನ್ನಡದಲ್ಲಿ ಮೆದುಗೊಳಿಸುವ ಕೆಲಸವನ್ನು ಪ್ರಶ್ನೆ ಮಾಡುತ್ತದೆ, ‘ಒಮ್ಮೆ’, ‘ಸ್ವಲ್ಪ’ ಎನ್ನುವ ಸಣ್ಣ ಮಾತುಗಳು ಮಾಡುತ್ತವೆ, ಮತ್ತೆ ‘ಬೇಕು’ ಅನ್ನುವಲ್ಲಿ ‘ಬೇಕಿತ್ತು’ ಅನ್ನುವುದು ಮಾಡುತ್ತದೆ. ಶಾಮಿಯಾನದವರಿಗೆ ಕಳಿಸಿದ್ದು ಹೀಗೆ:

‘ನಮಸ್ಕಾರ. ನೀರ್ಚಾಲಿನಿಂದ ಬರೆಯುತ್ತಿದ್ದೇನೆ. ನೆರೆಮನೆಯವರು ನಿಮ್ಮ ನಂಬರ್ ಕೊಟ್ಟರು. ಮುಂದಿನ ತಿಂಗಳು ಮನೆ ಒಕ್ಕಲಿಗೆ ಒಂದು ಶಾಮಿಯಾನ, 150 ಕುರ್ಚಿ ಬೇಕಿತ್ತು. ಸಿಗಬಹುದಾ? ಬಾಡಿಗೆ ಎಷ್ಟಾಗ್ತದೆ ಅಂತ ಒಮ್ಮೆ ತಿಳಿಸ್ತೀರಾ?’

ಹತ್ತು ನಿಮಿಷದಲ್ಲಿ ಉತ್ತರ ಬಂತು. ಮಾತು ಹೊಂದಿದ ಮೇಲೆ ಅವರು ‘ಚಿಂತೆ ಮಾಡಬೇಡಿ ಮಾರಾಯ್ರೆ, ಎಲ್ಲ ಆಗ್ತದೆ’ ಅಂದರು. ಈ ಮಾರಾಯ್ರೆ ನಮ್ಮ ಕಡೆಯ ದೊಡ್ಡ ಅನುಕೂಲ. ಸಲಿಗೆಯೂ ಸಿಕ್ಕಿತು, ಮರ್ಯಾದೆಯೂ ಉಳಿಯಿತು. ಅದೇ ಜಾಗದಲ್ಲಿ ಮಾರಾಯ, ಮಾರಾಯ್ತಿ ಅಂದರೆ ಅದು ಗೆಳೆಯರ ನಡುವಿನ ಮಾತು. ಎದುರಿನವರು ಮಾರಾಯ್ರೆ ಅಂದ ಮೇಲೆ ನಾವೂ ಅನ್ನಬಹುದು. ನಾವೇ ಮೊದಲು ಶುರು ಮಾಡುವುದು ಬೇಡ.

ನೀವುವಿನಿಂದ ನೀನುವಿಗೆ ಇಳಿಯುವುದೂ ಇದೇ ರೀತಿ. ವಯಸ್ಸಿನಲ್ಲಿ ದೊಡ್ಡವರು ನಮ್ಮನ್ನು ನೀನು ಅಂದರು ಎಂಬ ಕಾರಣಕ್ಕೆ ನಾವು ಅವರಿಗೆ ನೀನು ಅನ್ನಲಾಗದು. ಸಮವಯಸ್ಸಿನವರಾದರೆ, ‘ಎಂತ ನೀವು ನೀವು ಅಂತ’ ಎಂದು ಅವರೇ ಹೇಳುವ ತನಕ ಕಾಯುವುದು ಒಳ್ಳೆಯದು.

ತಮ್ಮನಿಗೆ

ಚಿಕ್ಕವರ ವಿಷಯ ಸುಲಭ, ನೀನು ಹಾಕಿದರೆ ಮುಗಿಯಿತು ಎಂದು ನಾನೂ ಎಣಿಸಿದ್ದೆ. ಆ ರಾತ್ರಿ ಅವಸರದಲ್ಲಿ ದೊಡ್ಡಪ್ಪನ ಮೊದಲ ಮೆಸೇಜಿನ ಅರ್ಧವನ್ನೇ ತಮ್ಮನಿಗೂ ಅಂಟಿಸಿ ಕಳಿಸಿದೆ: ‘ಮನೆ ಒಕ್ಕಲು ಉಂಟು. ನೀವು ಹಿಂದಿನ ದಿನವೇ ಬನ್ನಿ.’ ಒಂದೇ ನಿಮಿಷದಲ್ಲಿ ಉತ್ತರ: ‘ಅಕ್ಕಾ, ನಾನು ಎಂತ ತಪ್ಪು ಮಾಡಿದೆ?’

ಹುಡುಗ ನಿಜವಾಗಿ ಹೆದರಿದ್ದ. ನಮ್ಮಲ್ಲಿ ಹತ್ತಿರದವರಿಗೆ ಏಕಾಏಕಿ ನೀವು ಅಂದರೆ ಅದು ಕೋಪ. ಗಂಡ ಹೆಂಡಿರ ನಡುವೆ, ಗೆಳತಿಯರ ನಡುವೆ ಹೀಗೆ ಮುನಿಸು ತೋರಿಸುವುದು ಎಲ್ಲರಿಗೂ ಗೊತ್ತು. ಹಾಗಾಗಿ ಕಡಿಮೆ ಗೌರವದಿಂದ ನೋವಾಗುವ ಹಾಗೆಯೇ, ಜಾಸ್ತಿ ಗೌರವದಿಂದಲೂ ನೋವಾಗುತ್ತದೆ. ಅವನಿಗೆ ಸರಿಯಾದದ್ದು ಇಷ್ಟೇ: ‘ನೀನು ಹಿಂದಿನ ದಿನವೇ ಬಾ. ಚಪ್ಪರಕ್ಕೆ ತೋರಣ ಕಟ್ಟಲಿಕ್ಕೆ ಜನ ಬೇಕು.’

ಬಾರೋ, ಎಲ್ಲಿದ್ದೀಯೋ ಎಂಬ ‘ಓ’ಕಾರ, ಹುಡುಗಿಯರಿಗಾದರೆ ಬಾರೇ ಎಂಬ ‘ಏ’ಕಾರ, ಇವುಗಳನ್ನು ಬರೆಯುವಾಗ ನಾನು ಕಡಿಮೆ ಮಾಡಿದ್ದೇನೆ. ಬಾಯಲ್ಲಿ ಅದು ಮುದ್ದು, ಸ್ವರ ಕೇಳುತ್ತದೆ. ಅಕ್ಷರದಲ್ಲಿ ‘ಎಲ್ಲಿದ್ದೀಯೋ’ ಅಂದರೆ ಗದರಿಸಿದ ಹಾಗೆ ಕಾಣುತ್ತದೆ.

ತಮ್ಮ ತಂಗಿಯರು ಬೆಳೆದ ಮೇಲೆ ಒಂದೆರಡು ಕಡೆ ಗಮನ ಬೇಕು. ತಂಗಿಯ ಗಂಡ ನಮಗಿಂತ ಚಿಕ್ಕವರಿದ್ದರೂ ಭಾವ, ಅವರಿಗೆ ನೀವು. ತಂಗಿಗೆ ನೀನು. ಇಬ್ಬರನ್ನೂ ಸೇರಿಸಿ ಬರೆಯುವಾಗ ‘ನೀವಿಬ್ಬರೂ ಬನ್ನಿ’ ಅಂದರೆ ಯಾರಿಗೂ ಕಷ್ಟವಿಲ್ಲ, ಕನ್ನಡದ ನೀವು ಎರಡು ಕೆಲಸ ಮಾಡುವುದು ಇಲ್ಲಿ ನಮ್ಮ ಸಹಾಯಕ್ಕೆ ಬರುತ್ತದೆ. ನನ್ನ ಇನ್ನೊಬ್ಬ ತಂಗಿ ನನ್ನ ಮಗಳ ಶಾಲೆಯಲ್ಲೇ ಟೀಚರ್. ಪೋಷಕರ ಗ್ರೂಪಿನಲ್ಲಿ ಅವಳಿಗೆ ‘ನೀನು ನಾಳೆ ಬರ್ತೀಯಾ’ ಅಂತ ನಾನು ಕೇಳುವುದಿಲ್ಲ. ಅಲ್ಲಿ ಅವಳು ಟೀಚರ್. ‘ಟೀಚರ್, ನಾಳೆ ಮಕ್ಕಳಿಗೆ ರಜೆಯಾ?’ ಅಂತ ಕೇಳುತ್ತೇನೆ. ಮನೆಗೆ ಬಂದ ಮೇಲೆ ‘ನೀನು ಊಟ ಮಾಡಿಕೊಂಡು ಹೋಗು’.

ಕಳಿಸಿ ಆದ ಮೇಲೆ

ತಪ್ಪು ಹೋಗುವುದು ಹೆಚ್ಚಾಗಿ ಅಂಟಿಸಿದ ಮೆಸೇಜಿನಲ್ಲಿ. ಮೊದಲ ವಾಕ್ಯ ತಿದ್ದಿರುತ್ತೇವೆ, ಮೂರನೆಯದು ಹಾಗೆಯೇ ಉಳಿದಿರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರಿಗೆ ಇನ್ನೊಂದು ಅಪಾಯ: nivu ಮತ್ತು ninu ನಡುವೆ ವ್ಯತ್ಯಾಸ ಒಂದೇ ಅಕ್ಷರ, v ಮತ್ತು n ಕೀಲಿಗಳ ನಡುವೆ ಇರುವುದು b ಒಂದೇ. ಹಿರಿಯರಿಗೆ ಕಳಿಸುವ ಮುಂಚೆ ನಾನು ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಓದುತ್ತಾ ಹೋಗುತ್ತೇನೆ. ಬರಬೇಕು, ಇರಬೇಕು, ತಿಳಿಸ್ತೀರಾ. ನಡುವೆ ಒಂದು ‘ಕಳಿಸು’ ಇದ್ದರೆ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಕಳಿಸಿದ ಮೇಲೆ ಗೊತ್ತಾದರೆ, ವಾಟ್ಸಾಪಿನಲ್ಲಿ 15 ನಿಮಿಷದೊಳಗೆ ಆ ಮೆಸೇಜನ್ನೇ ತಿದ್ದಬಹುದು. ಆ ಹೊತ್ತು ಮೀರಿದರೆ, ಗುರುತಿಲ್ಲದವರ ಹತ್ತಿರ ಉದ್ದ ಕ್ಷಮೆ ಕೇಳುವುದಕ್ಕಿಂತ ಮುಂದಿನ ಮೆಸೇಜಿನಲ್ಲಿ ಸ್ಪಷ್ಟವಾಗಿ ನೀವು ಬಳಸಿದರೆ ಸಾಕು, ಕೈ ತಪ್ಪಿದ್ದು ಎಂದು ಅವರಿಗೆ ಅರ್ಥವಾಗುತ್ತದೆ. ಹಿರಿಯ ನೆಂಟರಾದರೆ ಮೆಸೇಜಿನಲ್ಲಿ ಬಿಡಬೇಡಿ, ಮಾತಾಡಿ. ಮೈಸೂರಿನ ಅತ್ತೆಗೆ ನಾನು ಅವತ್ತೇ ಫೋನ್ ಮಾಡಿ, ನಮ್ಮ ಮನೆಯಲ್ಲಿ ಅಬ್ಬೆಗೂ ‘ಬಂತು’ ಅಂತಲೇ ಹೇಳುವುದು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನನ್ನ ಮಗಳನ್ನು ನಿಮ್ಮ ಮನೆಯವಳೇ ಅಂತ ಎಣಿಸಿದ್ದೀಯಾ’ ಎಂದರು. ಅಲ್ಲಿಯ ತನಕ ನನ್ನನ್ನು ನೀವು ಎನ್ನುತ್ತಿದ್ದವರು ಮೊದಲ ಸಲ ನೀನು ಅಂದಿದ್ದರು.